ಶೇ. 9ರ ಗಾಡಿ ಸಾಲ: 34 ಕಂತು ಕಟ್ಟಿದ ಮೇಲೆ ಬರೆಯುತ್ತಿರುವ ವಿಮರ್ಶೆ

2022ರ ನವೆಂಬರ್‌ನಲ್ಲಿ ಗಂಗಾವತಿಯಲ್ಲಿ ಒಂದು ಸಣ್ಣ ಸರಕು ಗಾಡಿ ತೆಗೆದುಕೊಂಡೆ. ಅಕ್ಕಿ ಗಿರಣಿಗಳಿಂದ ಚೀಲ ಹೇರಿಕೊಂಡು ಕೊಪ್ಪಳ, ಸಿಂಧನೂರು, ಕುಷ್ಟಗಿ ಕಡೆಯ ಅಂಗಡಿಗಳಿಗೆ ಇಳಿಸುವುದು ನನ್ನ ಕೆಲಸ. ಗಾಡಿ ಚೆನ್ನಾಗಿದೆ, ಅದರ ಬಗ್ಗೆ ದೂರಿಲ್ಲ. ಇಲ್ಲಿ ಬರೆಯುತ್ತಿರುವುದು ಅದಕ್ಕಾಗಿ ಖಾಸಗಿ ಫೈನಾನ್ಸ್ ಕಂಪನಿಯೊಂದರಿಂದ ಪಡೆದ ಸಾಲದ ಬಗ್ಗೆ. 2025ರ ಸೆಪ್ಟೆಂಬರ್‌ನಲ್ಲಿ ಕೊನೆಯ ಕಂತು ಕಟ್ಟಿ ಮುಗಿಸಿದ್ದೇನೆ. ಕಂಪನಿಯ ಹೆಸರು ಬರೆಯುವುದಿಲ್ಲ. ಲೆಕ್ಕದ ರೀತಿ ತಿಳಿದರೆ ಯಾವ ಕಂಪನಿಯ ಕಾಗದವನ್ನಾದರೂ ಓದಬಹುದು.

ಗಾಡಿ ರಸ್ತೆಗೆ ಇಳಿಯುವಾಗ 5,20,000 ರೂಪಾಯಿ. ನನ್ನ ಕೈಯಲ್ಲಿದ್ದದ್ದು 1,60,000. ಉಳಿದ 3,60,000ಕ್ಕೆ ಸಾಲ. ಷೋರೂಮಿನಲ್ಲಿ ಕುಳಿತಿದ್ದ ಕಂಪನಿಯ ಹುಡುಗ ಕ್ಯಾಲ್ಕುಲೇಟರ್ ಒತ್ತಿ, "ಮುಕ್ಕಾಲು ರೂಪಾಯಿ ಬಡ್ಡಿ ಅಣ್ಣಾ, ವರ್ಷಕ್ಕೆ ಒಂಬತ್ತು. ಮೂವತ್ತಾರು ತಿಂಗಳು, ತಿಂಗಳಿಗೆ ಹನ್ನೆರಡು ಸಾವಿರದ ಏಳುನೂರು" ಎಂದ. ನಮ್ಮ ಕಡೆ ಕೈಸಾಲ ಎರಡು ರೂಪಾಯಿ, ಮೂರು ರೂಪಾಯಿ ಬಡ್ಡಿಗೆ ನಡೆಯುತ್ತದೆ. ನೂರಕ್ಕೆ ತಿಂಗಳಿಗೆ ಮುಕ್ಕಾಲು ರೂಪಾಯಿ ಎಂದರೆ ಯಾರಿಗಾದರೂ ಅಗ್ಗವೆನಿಸುತ್ತದೆ. ನಾನು ಒಪ್ಪಿದೆ.

ಒಪ್ಪಿದ ಮೇಲೆ ಇನ್ನೊಂದು ಹಾಳೆ ಬಂತು. ಸಂಸ್ಕರಣಾ ಶುಲ್ಕ 6,000, ಅದರ ಮೇಲೆ ಶೇ. 18ರ ಜಿಎಸ್‌ಟಿ 1,080, ದಾಖಲೆ ಮತ್ತು ಸ್ಟ್ಯಾಂಪ್ ಖರ್ಚು 2,520. ಅದರ ಕೆಳಗೆ "ಮುಂಗಡ ಕಂತು 2" ಎಂದು ಬರೆದು 25,400. ಇವೆಲ್ಲವನ್ನೂ ಸಾಲದಲ್ಲೇ ಮುರಿದುಕೊಂಡು ಷೋರೂಮಿಗೆ 3,25,000 ರೂಪಾಯಿ ಮಾತ್ರ ಕಳುಹಿಸಿದರು. ಕಡಿಮೆ ಬಿದ್ದ 35,000ವನ್ನು ಪರಿಚಯದ ಗಿರಣಿ ಮಾಲೀಕರೊಬ್ಬರಲ್ಲಿ ಅಂದು ಸಂಜೆಯೇ ಕೇಳಿ ತಂದೆ. ಕರಾರಿನಲ್ಲಿ ಮಾತ್ರ ಸಾಲ 3,60,000 ಎಂದೇ ಇತ್ತು, ಬಡ್ಡಿಯೂ ಅದಕ್ಕೇ.

ಮೂರು ವರ್ಷದ ಅನುಭವದಲ್ಲಿ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ. ಅರ್ಜಿ ಕೊಟ್ಟ ನಾಲ್ಕೇ ದಿನಕ್ಕೆ ಸಾಲ ಮಂಜೂರಾಯಿತು; ಆದಾಯ ತೆರಿಗೆಯ ಕಾಗದ ಕೇಳಲಿಲ್ಲ. ಮನೆ ಬಾಗಿಲಿಗೆ ಬಂದು ಯಾರೂ ಗದರಿಸಲಿಲ್ಲ. ಸಾಲ ತೀರಿದ ಮೂರು ವಾರದೊಳಗೆ ನಿರಾಕ್ಷೇಪಣಾ ಪತ್ರವೂ ಸಹಿ ಮಾಡಿದ ಫಾರ್ಮ್ 35 ಕೂಡ ಕೈಗೆ ಬಂದವು. ಈ ಫಾರ್ಮನ್ನು ಆರ್‌ಟಿಒ ಕಚೇರಿಗೆ ಕೊಟ್ಟರೆ ಆರ್‌ಸಿಯಲ್ಲಿರುವ ಸಾಲದ ಗುರುತು ಅಳಿಯುತ್ತದೆ. ನನ್ನ ಅಸಮಾಧಾನ ಇರುವುದು ದರದಲ್ಲಿ.

ದರವನ್ನು ನನಗೆ ತೋರಿಸಿಕೊಟ್ಟವಳು ಕೊಪ್ಪಳದಲ್ಲಿ ಬಿ.ಕಾಂ. ಓದುತ್ತಿರುವ ನನ್ನ ತಂಗಿಯ ಮಗಳು. ಮೊದಲು ಅವಳು ಕಂತನ್ನೇ ಬಿಡಿಸಿದಳು. 3,60,000ವನ್ನು 36ರಿಂದ ಭಾಗಿಸಿದರೆ ತಿಂಗಳಿಗೆ ಅಸಲು 10,000. ಉಳಿದ 2,700 ಬಡ್ಡಿ. "ಮಾಮಾ, ಮೊದಲ ತಿಂಗಳು ನಿನ್ನ ಮೇಲೆ ಮೂರು ಲಕ್ಷದ ಅರವತ್ತು ಸಾವಿರ ಇತ್ತು, ಬಡ್ಡಿ 2,700. ಕೊನೆಯ ತಿಂಗಳು ಉಳಿದಿದ್ದ ಅಸಲು ಹತ್ತೇ ಸಾವಿರ, ಆಗಲೂ ಬಡ್ಡಿ 2,700" ಎಂದಳು. ಹತ್ತು ಸಾವಿರಕ್ಕೆ ಒಂದು ತಿಂಗಳಿಗೆ 2,700! ಫ್ಲಾಟ್ ದರ ಎನ್ನುವುದು ಇದನ್ನೇ. ಅಸಲು ಪ್ರತಿ ತಿಂಗಳು ಇಳಿಯುತ್ತಾ ಹೋಗುತ್ತದೆ, ಬಡ್ಡಿ ಮಾತ್ರ ಮೊದಲ ದಿನದ ಮೊತ್ತದ ಮೇಲೆಯೇ ನಿಂತಿರುತ್ತದೆ. ಇಳಿಯುವ ಬಾಕಿಯ ಮೇಲೆ ಹಿಡಿದರೆ ಅದೇ ಕಂತಿಗೆ ದರ ಎಷ್ಟು ಎಂಬುದನ್ನು ಮೊಬೈಲಿನ ಸ್ಪ್ರೆಡ್‌ಶೀಟ್‌ನಲ್ಲಿ ಒಂದೇ ಸಾಲಿನಲ್ಲಿ ಕಂಡುಕೊಳ್ಳಬಹುದು:

```
=RATE(36,-12700,360000)*12
```

ಉತ್ತರ ಶೇ. 16.2. ಇದು ಶುಲ್ಕವನ್ನೂ ಮುಂಗಡವನ್ನೂ ಮುಟ್ಟದ ಲೆಕ್ಕ. ಈಗ ಶುಲ್ಕದ 9,600ವನ್ನು ಕಳೆಯೋಣ. ಆ ಹಣ ನನ್ನ ಕೈಗೆ ಬರಲೇ ಇಲ್ಲ, ಆದರೂ ಅದರ ಮೇಲೆ ಮೂರು ವರ್ಷ ಬಡ್ಡಿ ಕಟ್ಟಿದ್ದೇನೆ. ಸೂತ್ರದಲ್ಲಿ 360000ದ ಜಾಗದಲ್ಲಿ 350400 ಹಾಕಿದರೆ ದರ 18.2ಕ್ಕೆ ಏರುತ್ತದೆ. ಒಂಬತ್ತೂವರೆ ಸಾವಿರ ಎಂದಾಗ ಸಣ್ಣದೆನಿಸಿದ್ದು ದರದಲ್ಲಿ ಎರಡು ಅಂಶ.

ಇನ್ನು ಮುಂಗಡ ಕಂತು. ನಾನು ಈ ವಿಮರ್ಶೆ ಬರೆಯಲು ಕೂತದ್ದೇ ಇದಕ್ಕಾಗಿ. "ಹೇಗೂ ಕಟ್ಟಬೇಕಾದ ಕಂತೇ ತಾನೆ, ಮೊದಲೇ ಕಟ್ಟಿದರೆ ನಷ್ಟವೇನು" ಎಂದು ನಾನೂ ಅಂದುಕೊಂಡಿದ್ದೆ. ನಷ್ಟ ಎಷ್ಟು ಎಂಬುದು ಆ ಎರಡು ಕಂತುಗಳನ್ನು ಯಾವ ತಿಂಗಳಿಗೆ ಹೊಂದಿಸುತ್ತಾರೆ ಎಂಬುದರ ಮೇಲಿದೆ. ನನ್ನ ಕರಾರಿನಲ್ಲಿ ಅವುಗಳನ್ನು ಕೊನೆಯ ಎರಡು ಕಂತುಗಳಿಗೆ, ಅಂದರೆ 35 ಮತ್ತು 36ನೆಯದಕ್ಕೆ ಹೊಂದಿಸಿದ್ದರು. ಸಾಲ ಸಿಕ್ಕ ಮರು ತಿಂಗಳೇ, 2022ರ ಡಿಸೆಂಬರ್ 5ಕ್ಕೆ, ಮೊದಲ ಕಂತು ಖಾತೆಯಿಂದ ಹೋಯಿತು. ಅಂದರೆ ನನ್ನದೇ 25,400 ರೂಪಾಯಿ ಸುಮಾರು ಮೂರು ವರ್ಷ ಅವರ ಬಳಿ ಬಡ್ಡಿಯಿಲ್ಲದೆ ಕೂತಿತ್ತು, ಅದೇ ಹಣವನ್ನು ನನಗೆ ಸಾಲ ಕೊಟ್ಟಂತೆ ತೋರಿಸಿ ಅವರು ನನ್ನಿಂದ ಬಡ್ಡಿ ಪಡೆದರು. ಕೈಗೆ ಬಂದದ್ದು 3,25,000. ತಿಂಗಳು ತಪ್ಪದೆ ಕಟ್ಟಿದ್ದು 34 ಕಂತು. ಹಾಗೆಯೇ ಬರೆಯೋಣ:

```
=RATE(34,-12700,325000)*12
```

ಉತ್ತರ ಶೇ. 20.6. ನಮ್ಮ ಊರಿನ ಮಾತಿನಲ್ಲಿ ಹೇಳಬೇಕೆಂದರೆ ನೂರಕ್ಕೆ ಒಂದು ರೂಪಾಯಿ ಎಪ್ಪತ್ತೆರಡು ಪೈಸೆ. ಮುಕ್ಕಾಲು ರೂಪಾಯಿ ಎಂದು ಕೇಳಿ ಸಹಿ ಹಾಕಿದ ಸಾಲ ಇದು.

ಅದೇ ಮುಂಗಡವನ್ನು ಮೊದಲ ಎರಡು ಕಂತುಗಳಿಗೆ ಹೊಂದಿಸಿದ್ದರೆ ಏನಾಗುತ್ತಿತ್ತು? ಆಗ ಎರಡು ತಿಂಗಳು ಏನೂ ಕಟ್ಟದೆ, ಮೂರನೆಯ ತಿಂಗಳಿಂದ 36ನೆಯ ತಿಂಗಳವರೆಗೆ ಅವೇ 34 ಕಂತು ಕಟ್ಟುತ್ತಿದ್ದೆ. ಒಟ್ಟು ಕೊಡುವ ಹಣದಲ್ಲಿ ಒಂದು ರೂಪಾಯಿಯೂ ವ್ಯತ್ಯಾಸವಿಲ್ಲ. ಈ ಲೆಕ್ಕಕ್ಕೆ ಮೇಲಿನ ಸೂತ್ರ ಸಾಲದು. A1ರಲ್ಲಿ 325000, A2 ಮತ್ತು A3ರಲ್ಲಿ 0, A4ರಿಂದ A37ರವರೆಗೆ -12700 ತುಂಬಿ ಹೀಗೆ ಬರೆಯಬೇಕು:

```
=IRR(A1:A37)*12
```

ಬರುವ ದರ ಶೇ. 18.3. ಶುಲ್ಕ ಮಾತ್ರ ಇದ್ದಾಗಿನ 18.2ಕ್ಕೆ ಹತ್ತಿರವೇ ನಿಂತಿತು. ಅಂದರೆ ಮುಂಗಡ ಮೊದಲ ಕಂತುಗಳಿಗೆ ಹೋದರೆ ಹೊರೆ ಅತಿ ಕಡಿಮೆ, ಕೊನೆಗೆ ಹೋದರೆ ಎರಡೂಕಾಲು ಅಂಶಕ್ಕಿಂತ ಹೆಚ್ಚು. ಆ ಹಾಳೆಯಲ್ಲಿದ್ದ "ಮುಂಗಡ ಕಂತು 2" ಎಂಬ ಪದಗಳಿಂದ ಇದು ಯಾರಿಗೂ ತಿಳಿಯುವುದಿಲ್ಲ. "ನನ್ನ ಖಾತೆಯಿಂದ ಮುಂದಿನ ಕಂತು ಯಾವ ತಾರೀಖಿಗೆ ಹೋಗುತ್ತದೆ?" ಎಂದು ಕೇಳಿದರೆ ತಿಳಿಯುತ್ತದೆ. ಮರು ತಿಂಗಳೇ ಎಂದರೆ ನಿಮ್ಮ ಹಣ ಕೊನೆಯವರೆಗೂ ಅಲ್ಲೇ ಇರುತ್ತದೆ.

ಹೀಗೆ ಕೊನೆಗೆ ಹೊಂದಿಸಿದ ಮುಂಗಡದಿಂದ ಇನ್ನೊಂದು ತೊಂದರೆಯೂ ಆಯಿತು. 2024ರ ಮೇನಲ್ಲಿ, 18 ಕಂತು ಮುಗಿದ ಮೇಲೆ, ಸಾಲವನ್ನು ಒಮ್ಮೆಲೇ ತೀರಿಸಬೇಕೆಂದು ಕೇಳಿದೆ. ಶೇ. 16.2ರ ಇಳಿಯುವ ಬಾಕಿಯ ಲೆಕ್ಕದಂತೆ ಉಳಿದ ಅಸಲು ಸುಮಾರು 2,01,700, ಅದರ ಮೇಲೆ ಶೇ. 4ರ ಶುಲ್ಕ ಮತ್ತು ಜಿಎಸ್‌ಟಿ ಸೇರಿ 9,500 ಚಿಲ್ಲರೆ, ಒಟ್ಟು 2,11,200 ಎಂದು ಪತ್ರ ಕೊಟ್ಟರು. ನನ್ನ 25,400 ಅದರಲ್ಲಿ ಎಲ್ಲಿಯೂ ಇರಲಿಲ್ಲ. ಕೌಂಟರಿನಲ್ಲಿದ್ದವರು ಪರದೆ ನೋಡಿ "ಸಿಸ್ಟಮ್‌ನಲ್ಲಿ ಇಷ್ಟೇ ತೋರಿಸುತ್ತಿದೆ" ಎಂದರು. ಮೊದಲ ದಿನದ ಹಾಳೆಯ ಪ್ರತಿಯನ್ನು ಲಗತ್ತಿಸಿ ಲಿಖಿತವಾಗಿ ಕೇಳಿದ ನಾಲ್ಕು ದಿನದ ಮೇಲೆ 1,85,800ರ ಹೊಸ ಪತ್ರ ಬಂತು. ಆ ಹಾಳೆಯನ್ನು ನಾನು ಇಟ್ಟುಕೊಂಡಿರದಿದ್ದರೆ ಅಷ್ಟೂ ಹೋಗುತ್ತಿತ್ತೇನೋ. ಕೊನೆಗೆ ಸಾಲ ತೀರಿಸಲಿಲ್ಲ. ಉಳಿದ 16 ಕಂತು ಕಟ್ಟಿದರೆ 2,03,200, ಈಗಲೇ ತೀರಿಸಿದರೆ ಉಳಿಯುವುದು 17,400. ತೀರಿಸುವ ಹಣಕ್ಕೆ ಮನೆಯ ಬಂಗಾರ ಅಡವಿಟ್ಟು ಮತ್ತೆ ಬಡ್ಡಿ ಕಟ್ಟಬೇಕಾಗಿತ್ತು.

ನಾನು ಸಾಲ ಮಾಡಿದಾಗ ಇರದಿದ್ದ ಒಂದು ಅನುಕೂಲ ಈಗ ಇದೆ. 2024ರ ಅಕ್ಟೋಬರ್ 1ರಿಂದ ಮಂಜೂರಾಗುವ ಹೊಸ ಚಿಲ್ಲರೆ ಸಾಲಗಳಿಗೂ ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೂ ರಿಸರ್ವ್ ಬ್ಯಾಂಕಿನ ನಿಯಮದಂತೆ ಪ್ರಮುಖ ಅಂಶಗಳ ಹೇಳಿಕೆ, ಅಂದರೆ ಕೆಎಫ್‌ಎಸ್, ಕೊಡಲೇಬೇಕು. ಅದು ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದಲ್ಲೇ ಕೊಡಿ ಎಂದು ಕೇಳಿ. ಒಪ್ಪಿಕೊಳ್ಳಲು ಕನಿಷ್ಠ ಮೂರು ಕೆಲಸದ ದಿನಗಳ ಸಮಯ ಸಿಗುತ್ತದೆ. ಅದರಲ್ಲಿ ಇಲ್ಲದ ಶುಲ್ಕವನ್ನು ನಿಮ್ಮ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಸೇರಿಸುವಂತಿಲ್ಲ. ಎಪಿಆರ್ ಎಂಬ ವಾರ್ಷಿಕ ಶೇಕಡಾವಾರು ದರ ಅಲ್ಲಿಯೇ ಇರುತ್ತದೆ, ಅದನ್ನು ನಿಜವಾಗಿ ವಿತರಿಸಿದ ನಿವ್ವಳ ಮೊತ್ತದ ಮೇಲೆ ಲೆಕ್ಕ ಹಾಕಬೇಕು. ಸಾಲದ ಜೊತೆಗೆ ಅವರು ವಸೂಲಿ ಮಾಡುವ ಜೀವ ವಿಮೆಯ ಕಂತು ಕೂಡ ಅದರೊಳಗೆ ಬರುತ್ತದೆ. ಗಾಡಿಯ ನೋಂದಣಿ ಖರ್ಚು ಸಾಲವಿಲ್ಲದಿದ್ದರೂ ಕಟ್ಟಲೇಬೇಕಾದದ್ದು, ಅದನ್ನು ಈ ದರಕ್ಕೆ ಬೆರೆಸಬೇಡಿ.

ಎರಡನೆಯ ಗಾಡಿಗೆಂದು ಈ ಸಲ ಎರಡು ಕಡೆ ಕೇಳಿದೆ. ಹಳೆಯ ಕಂಪನಿಯವರು ಮತ್ತೆ ಒಂಬತ್ತು ಎಂದೇ ಶುರು ಮಾಡಿದರು. ಅವರು ಕೊಟ್ಟ ಹೇಳಿಕೆಯಲ್ಲಿ ಎಪಿಆರ್ ಶೇ. 18ರ ಆಸುಪಾಸಿನಲ್ಲಿತ್ತು, ಆದರೆ ನಿವ್ವಳ ವಿತರಣೆಯ ಸಾಲಿನಲ್ಲಿ ಶುಲ್ಕ ಮಾತ್ರ ಕಳೆದಿದ್ದರು. ಎರಡು ಮುಂಗಡ ಕಂತುಗಳು ಬೇರೆ ಹಾಳೆಯಲ್ಲಿದ್ದವು. ನಿವ್ವಳ ಮೊತ್ತವನ್ನೂ ಷೋರೂಮಿನ ಖಾತೆಗೆ ಬೀಳುವ ಮೊತ್ತವನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಮುಂಗಡವನ್ನು ಮೊದಲ ಕಂತುಗಳಿಗೆ ಹೊಂದಿಸಿ ಎಂದೆ. ಹುಡುಗ ಹೊರಗೆ ಹೋಗಿ ಫೋನಿನಲ್ಲಿ ಮಾತಾಡಿ ಬಂದು, "ಹಳೆಯ ಗಿರಾಕಿ ನೀವು, ಒಂದೇ ಕಂತು ಕೊಡಿ ಅಣ್ಣಾ, ಮೊದಲನೆಯದಕ್ಕೇ ಹಾಕುತ್ತೇವೆ" ಎಂದ. ಕೇಳಿದರೆ ಬದಲಾಗುತ್ತದೆ ಎಂಬುದು ನನಗೆ ಅಂದು ಗೊತ್ತಾಯಿತು.

ಆದರೂ ಸಾಲವನ್ನು ಬ್ಯಾಂಕಿನಲ್ಲಿ ಮಾಡಿದೆ. ಅಲ್ಲಿ ಹೇಳಿದ ದರ 14.5. ಒಂಬತ್ತರ ಎದುರು ದುಬಾರಿ ಎಂದು ಮನೆಯಲ್ಲಿ ಅಂದರು. ಅದು ಇಳಿಯುವ ಬಾಕಿಯ ಮೇಲಿನ ದರ. 4,00,000 ಸಾಲಕ್ಕೆ ತೆರಿಗೆ ಸೇರಿ ಶುಲ್ಕ 4,720, ಮುಂಗಡ ಕಂತು ಇಲ್ಲ. 36 ತಿಂಗಳ ಈ ಸಾಲದ ಹೇಳಿಕೆಯಲ್ಲಿ ಎಪಿಆರ್ 15.3 ಎಂದಿತ್ತು, ನಾವು ಮನೆಯಲ್ಲಿ ಲೆಕ್ಕ ಹಾಕಿದಾಗಲೂ ಅಷ್ಟೇ ಬಂತು. ಮಂಜೂರಾತಿಗೆ 19 ದಿನ ಹಿಡಿಯಿತು, ಮೂರು ವರ್ಷದ ಆದಾಯದ ಕಾಗದ ಕೇಳಿದರು. ದಸರೆಯೊಳಗೆ ಗಾಡಿ ಬೇಕೆಂಬ ಆತುರ ಇರುವವರಿಗೆ ಇದು ಕಷ್ಟ.

ಹಳೆಯ ಕಂಪನಿಗೆ ಐದರಲ್ಲಿ ಎರಡೂವರೆ ಅಂಕ: ವೇಗಕ್ಕೆ, ಮರ್ಯಾದೆಯ ನಡವಳಿಕೆಗೆ ಮತ್ತು ಸಕಾಲಕ್ಕೆ ಬಂದ ಫಾರ್ಮ್ 35ಕ್ಕೆ. ಕಡಿತಗೊಂಡದ್ದು 25,400 ರೂಪಾಯಿಯನ್ನು 34 ತಿಂಗಳು ಇಟ್ಟುಕೊಂಡದ್ದಕ್ಕೆ, ಮತ್ತು ಅದನ್ನು ತೀರುವಳಿ ಪತ್ರದಲ್ಲಿ ಮರೆತದ್ದಕ್ಕೆ.