ಹೊಸ ಸರಬರಾಜುದಾರರ ಜಿಎಸ್‌ಟಿ ಪ್ರಮಾಣಪತ್ರದ ಪ್ರತಿಯನ್ನಷ್ಟೇ ನಂಬಿ ನಾವು ಕಳೆದುಕೊಂಡ 72,000 ರೂಪಾಯಿ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಹೊಸಬರನ್ನು ಸರಬರಾಜುದಾರರ ಪಟ್ಟಿಗೆ ಸೇರಿಸುವಾಗ ಎಲ್ಲರಂತೆ ನಾನೂ ಜಿಎಸ್‌ಟಿ ನೋಂದಣಿ ಪ್ರಮಾಣಪತ್ರ, ಪ್ಯಾನ್ ಮತ್ತು ರದ್ದುಪಡಿಸಿದ ಚೆಕ್ಕಿನ ಪ್ರತಿಗಳನ್ನು ಕೇಳಿ ಪಡೆದು, ಮುದ್ರಿಸಿ ಕಡತಕ್ಕೆ ಸೇರಿಸುತ್ತಿದ್ದೆ. ಪ್ರತಿ ಕೈಗೆ ಬಂದರೆ ಪರಿಶೀಲನೆ ಮುಗಿಯಿತೆಂದು ತಿಳಿದದ್ದೇ ನನ್ನ ತಪ್ಪು.

ನಮ್ಮ ಲೇತ್ ಮತ್ತು ಮಿಲ್ಲಿಂಗ್ ಯಂತ್ರಗಳ ಓವರ್‌ಹಾಲ್ ಕೆಲಸಕ್ಕೆಂದು ಖರೀದಿ ವಿಭಾಗದವರು ಏಕಮಾಲೀಕತ್ವದ ಸಂಸ್ಥೆಯೊಂದನ್ನು ಗೊತ್ತು ಮಾಡಿದರು. ಮಾಲೀಕರು ಮೂರೂ ದಾಖಲೆಗಳನ್ನು ಅರ್ಧ ಗಂಟೆಯೊಳಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರು. ಕೆಲಸವೂ ಚೆನ್ನಾಗಿಯೇ ಆಯಿತು, ಆ ಮಾತನ್ನು ಹೇಳಲೇಬೇಕು. ಬಿಲ್ಲು 4,00,000 ರೂಪಾಯಿ, ಅದರ ಮೇಲೆ ಶೇ. 18ರಂತೆ ಜಿಎಸ್‌ಟಿ 72,000. ಶೇ. 1ರ ಟಿಡಿಎಸ್ 4,000 ಮುರಿದುಕೊಂಡು 4,68,000 ರೂಪಾಯಿಯನ್ನು ಎನ್‌ಇಎಫ್‌ಟಿ ಮೂಲಕ ಪಾವತಿಸಿದೆವು.

ಸರಬರಾಜುದಾರರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್ಲುಗಳ ಪಟ್ಟಿಯಾಗಿ ಮುಂದಿನ ತಿಂಗಳ 14ರಂದು ನಮಗೆ ಬರುವ GSTR-2Bಯಲ್ಲಿ ಆ ಬಿಲ್ಲು ಇರಲಿಲ್ಲ. ಅಲ್ಲಿ ಕಾಣಿಸದ ಬಿಲ್ಲಿನ ಮೇಲೆ ಹೂಡುವಳಿ ತೆರಿಗೆ ಜಮೆ ಪಡೆಯಲು, ಅಂದರೆ ನಾವು ಕೊಟ್ಟ ಜಿಎಸ್‌ಟಿಯನ್ನು ನಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳಲು ಬರುವುದಿಲ್ಲ. ಕೇಳಿದಾಗ, "ನಮ್ಮ ಆಡಿಟರ್ ಊರಲ್ಲಿಲ್ಲ ಸಾರ್, ಮುಂದಿನ ತಿಂಗಳು ಹಾಕಿಸುತ್ತೇನೆ" ಎಂದರು. ಅದರ ಮುಂದಿನ ತಿಂಗಳೂ ಬರಲಿಲ್ಲ. ಆಗ ನಾನು ಮೊದಲ ದಿನವೇ ಮಾಡಬೇಕಿದ್ದ ಕೆಲಸವನ್ನು ಮಾಡಿದೆ. ಜಿಎಸ್‌ಟಿ ಜಾಲತಾಣದ "Search Taxpayer" ಪುಟದಲ್ಲಿ ಅವರ ಹದಿನೈದು ಅಕ್ಷರಗಳ ಸಂಖ್ಯೆಯನ್ನು ಹಾಕಿದೆ. ಸ್ಥಿತಿಯ ಮುಂದೆ "Cancelled suo-moto" ಎಂದಿತ್ತು. ರದ್ದು ಜಾರಿಗೆ ಬಂದ ದಿನಾಂಕವು ಅವರು ನಮಗೆ ಪ್ರಮಾಣಪತ್ರ ಕಳಿಸುವುದಕ್ಕೆ ಎರಡು ತಿಂಗಳು ಹಿಂದಿನದು. ಮಾಸಿಕ ರಿಟರ್ನ್ ಸಲ್ಲಿಸಬೇಕಾದವರು ಸತತ ಆರು ತಿಂಗಳು ಸಲ್ಲಿಸದಿದ್ದರೆ ಅಧಿಕಾರಿ ತಾವಾಗಿಯೇ ನೋಂದಣಿಯನ್ನು ರದ್ದುಪಡಿಸಬಹುದು. ಇಲ್ಲಿ ಆದದ್ದೂ ಅದೇ.

ಮನೆಗೆ ಹೋಗುವ ಮುನ್ನ ಕಡತ ತೆಗೆದು ಪ್ರಮಾಣಪತ್ರವನ್ನು ಮತ್ತೆ ನೋಡಿದೆ. ಸಿಂಧುತ್ವದ ಅವಧಿ ಎಂಬಲ್ಲಿ "From" ಮುಂದೆ ಒಂದು ದಿನಾಂಕ, "To" ಮುಂದೆ "Not Applicable" ಎಂದಿದೆ. ಸಾಮಾನ್ಯ ನೋಂದಣಿದಾರರ ಪ್ರಮಾಣಪತ್ರಕ್ಕೆ ಮುಕ್ತಾಯ ದಿನಾಂಕವೇ ಇರುವುದಿಲ್ಲ. ನೋಂದಣಿ ರದ್ದಾದ ಮೇಲೂ ಹಳೆಯ ಪಿಡಿಎಫ್ ಹಾಗೆಯೇ ಉಳಿದಿರುತ್ತದೆ. ಆ ಕಾಗದ ನಕಲಿಯಾಗಿರಲಿಲ್ಲ, ಹಳೆಯದಾಗಿತ್ತು ಅಷ್ಟೆ.

ಎರಡನೆಯ ಪೆಟ್ಟು ಚೆಕ್ಕಿನಿಂದ ಬಿತ್ತು. ಪ್ರಮಾಣಪತ್ರದಲ್ಲಿ ವ್ಯಾಪಾರದ ಹೆಸರು ಇಂಥವರ "ಇಂಜಿನಿಯರಿಂಗ್ ವರ್ಕ್ಸ್" ಎಂದಿದ್ದರೆ, ಚೆಕ್ಕಿನ ಮೇಲೆ ಅದೇ ಮೊದಲ ಪದದೊಂದಿಗೆ "ಇಂಜಿನಿಯರಿಂಗ್ ಸರ್ವೀಸಸ್" ಎಂದು ಅಚ್ಚಾಗಿತ್ತು. ಮೊದಲ ಪದ ಹೊಂದಿದ್ದೇ ಸಾಕೆಂದು ಖಾತೆ ಸಂಖ್ಯೆಯನ್ನೂ ಐಎಫ್‌ಎಸ್‌ಸಿಯನ್ನೂ ನಾನು ದಾಖಲಿಸಿಬಿಟ್ಟಿದ್ದೆ. ಎನ್‌ಇಎಫ್‌ಟಿ ಹಣವು ಖಾತೆ ಸಂಖ್ಯೆಯ ಆಧಾರದ ಮೇಲೆಯೇ ಜಮೆಯಾಗುತ್ತದೆ, ಹೆಸರು ಹೊಂದದಿದ್ದರೂ ವಾಪಸು ಬರುವುದಿಲ್ಲ. ಆ ಖಾತೆ ಅವರ ಸಂಬಂಧಿಕರ ಬೇರೆ ಸಂಸ್ಥೆಯದು. ತೆರಿಗೆಯ ಮೊತ್ತವನ್ನು ಹಿಂದಿರುಗಿಸಿ ಎಂದು ನೋಟಿಸು ಕಳಿಸಿದಾಗ, ನಿಮ್ಮ ಹಣ ನಮ್ಮ ಸಂಸ್ಥೆಗೆ ಬಂದೇ ಇಲ್ಲ ಎಂಬ ಉತ್ತರ ಬಂತು. ಟಿಡಿಎಸ್ ಒಬ್ಬರ ಪ್ಯಾನ್‌ಗೆ ಹೋಗಿದೆ, ಹಣ ಇನ್ನೊಬ್ಬರ ಖಾತೆಗೆ ಸೇರಿದೆ. ಇದನ್ನು ನಮ್ಮ ಲೆಕ್ಕಪರಿಶೋಧಕರಿಗೆ ವಿವರಿಸುವುದು ನೋಟಿಸಿಗಿಂತ ಕಷ್ಟವಾಯಿತು.

ಈಗ ನಾನು ಪ್ರತಿಗಳನ್ನು ಹೋಲಿಸಲಿಕ್ಕೆ ಮಾತ್ರ ಇಟ್ಟುಕೊಳ್ಳುತ್ತೇನೆ. ಜಿಎಸ್‌ಟಿ ಸಂಖ್ಯೆಯ ಮೊದಲ ಎರಡು ಅಂಕಿ ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ ಹತ್ತು ಅಕ್ಷರಗಳು ಅವರು ಕೊಟ್ಟ ಪ್ಯಾನ್ ಜೊತೆ ಒಂದೊಂದಾಗಿ ಹೊಂದಬೇಕು. ಜಾಲತಾಣದಲ್ಲಿ ಸ್ಥಿತಿ "Active" ಎಂದಿದ್ದರೂ ಅಲ್ಲಿಗೇ ನಿಲ್ಲಿಸದೆ "Show Filing Table" ಒತ್ತಿ, GSTR-1 ಮತ್ತು GSTR-3B ರಿಟರ್ನ್‌ಗಳು ಕೊನೆಯದಾಗಿ ಯಾವಾಗ ಸಲ್ಲಿಕೆಯಾಗಿವೆಯೆಂದು ನೋಡುತ್ತೇನೆ. ಅಧಿಕಾರಿಗಳು ಹಿಂದಿನ ದಿನಾಂಕದಿಂದಲೂ ರದ್ದುಪಡಿಸಬಹುದಾದ್ದರಿಂದ, ನಾಲ್ಕು ತಿಂಗಳಿಂದ ರಿಟರ್ನ್ ಇಲ್ಲದವರ "Active" ಮೇಲೆ ನನಗೆ ಭರವಸೆಯಿಲ್ಲ. ಆ ಪರದೆಯ ಮುದ್ರಣವನ್ನು ದಿನಾಂಕ ಬರೆದು ಪ್ರಮಾಣಪತ್ರದ ಹಿಂದೆ ಲಗತ್ತಿಸುತ್ತೇನೆ, ದೊಡ್ಡ ಬಿಲ್ಲಾದರೆ ಪಾವತಿಯ ದಿನ ಮತ್ತೊಮ್ಮೆ ನೋಡುತ್ತೇನೆ.

ಖಾತೆಗೆ ಮೊದಲು ಒಂದು ರೂಪಾಯಿ ಕಳಿಸಿ, ಅದು ಜಮೆಯಾದ ಖಾತೆ ಯಾರ ಹೆಸರಿನಲ್ಲಿದೆ ಎಂಬುದನ್ನು ಬ್ಯಾಂಕಿನಿಂದ ಖಚಿತಪಡಿಸಿಕೊಂಡ ಮೇಲೆಯೇ ಉಳಿದದ್ದು. ಹೊಸಬರ ಮೊದಲ ಬಿಲ್ಲಿನಲ್ಲಿ ಜಿಎಸ್‌ಟಿ ಮೊತ್ತವು GSTR-2Bಯಲ್ಲಿ ಕಾಣಿಸುವವರೆಗೆ ಅದನ್ನು ತಡೆಹಿಡಿಯುವುದಾಗಿ ಖರೀದಿ ಆದೇಶದಲ್ಲಿಯೇ ಬರೆಯುತ್ತೇವೆ. ಕೆಲವರಿಗೆ ಇದು ಹಿಡಿಸುವುದಿಲ್ಲ. ಕಳೆದ ತಿಂಗಳು ಒಬ್ಬರು ಈ ಷರತ್ತು ನೋಡಿ ಕೆಲಸವನ್ನೇ ಬಿಟ್ಟರು, ಅವರ ರಿಟರ್ನ್ ಪಟ್ಟಿಯನ್ನು ನಾನು ಅಷ್ಟರಲ್ಲಾಗಲೇ ನೋಡಿದ್ದೆ.