24 ಎಂಎಂ, 35 ಎಂಎಂ, ಇಲ್ಲಾ ಆಮೇಲೆ ಎಳೆದು ಸರಿಮಾಡೋದಾ? ಎಲಿವೇಶನ್ ರೆಂಡರ್‌ಗೆ ಕ್ಯಾಮೆರಾ ಹೋಲಿಕೆ

ಬೆಂಗಳೂರಿನ 30×40 ಸೈಟು, ಮುಂದೆ 30 ಅಡಿ ರಸ್ತೆ, ಗ್ರೌಂಡ್ ಪ್ಲಸ್ ಮೂರು ಮಹಡಿ. ಪ್ಯಾರಪೆಟ್ ಸೇರಿ 13 ಮೀಟರ್ ಎತ್ತರ. ಎದುರು ಫುಟ್‌ಪಾತ್‌ನಲ್ಲಿ ನಿಂತರೆ ಗೋಡೆಗೂ ನಮಗೂ ನಡುವೆ ಇರುವುದು 10 ಮೀಟರ್ ಅಷ್ಟೇ. ಇಂಥ ಮನೆಯನ್ನು ಬ್ಲೆಂಡರ್‌ನಲ್ಲಿ ಮೂರು ರೀತಿ ರೆಂಡರ್ ಮಾಡಿ ಪಕ್ಕಪಕ್ಕ ಇಟ್ಟು ನೋಡಿದೆ. ಮೂರಕ್ಕೂ ಕ್ಯಾಮೆರಾ ಎತ್ತರ 1.6 ಮೀಟರ್, ಚಿತ್ರ 4:5ರ ಉದ್ದುದ್ದ ಅಳತೆ. ಸೆನ್ಸರ್ 36 ಎಂಎಂ. Sensor Fit ಎಂಬುದು Auto ಇದ್ದರೆ ಈ 36 ಚಿತ್ರದ ಉದ್ದದ ಬದಿಗೆ ಹೋಗುತ್ತದೆ, ಇಲ್ಲಿ ಅದು ಎತ್ತರ.

ಮೊದಲು ಎಲ್ಲರೂ ಮಾಡುವ ದಾರಿ. 24 ಎಂಎಂ ಹಾಕಿ, ಕ್ಯಾಮೆರಾವನ್ನು 20 ಡಿಗ್ರಿ ಮೇಲಕ್ಕೆತ್ತಿ, ರೆಂಡರ್ ಆದ ಮೇಲೆ ಫೋಟೋ ಎಡಿಟರ್‌ನಲ್ಲಿ ಎಳೆದು ಗೋಡೆ ನೆಟ್ಟಗೆ ಮಾಡುವುದು. ಪ್ಯಾರಪೆಟ್ ಕೆಳಗಿನ ಗೇಟಿಗಿಂತ ಕ್ಯಾಮೆರಾದಿಂದ ದೂರ ಬೀಳುವುದರಿಂದ, ಮನೆಯ ತುದಿ ಬುಡದ ಮೂರನೇ ಎರಡು ಪಾಲಷ್ಟೇ ಅಗಲ ಕಾಣುತ್ತದೆ. ನೆಟ್ಟಗೆ ಮಾಡಬೇಕಂದ್ರೆ ತುದಿಯನ್ನು ಒಂದೂವರೆ ಪಟ್ಟು ಹಿಗ್ಗಿಸಬೇಕು. ಮೇಲಿನ ಬಾಲ್ಕನಿಯ ಗ್ಲಾಸ್ ರೇಲಿಂಗ್, ಕ್ಲ್ಯಾಡಿಂಗ್ ಕಲ್ಲಿನ ಸಂದು ಎಲ್ಲ ಮಂಕಾಗುತ್ತದೆ. ಜೊತೆಗೆ ಇನ್ನೊಂದು ಕಾಟ: ಮೂಲೆ ಹಿಡಿದು ಎಳೆಯುವಾಗ ಆ ಸಾಫ್ಟ್‌ವೇರ್‌ಗೆ ಲೆನ್ಸ್ ಯಾವುದೆಂದು ಗೊತ್ತಿರುವುದಿಲ್ಲ. ಮನೆ ಕುಳ್ಳಾಗಬಹುದು ಇಲ್ಲಾ ಉದ್ದವಾಗಬಹುದು, ಅಂದಾಜಿನ ಮೇಲೆ ಸರಿಮಾಡಬೇಕು. ಮತ್ತೆ ರೆಂಡರ್ ಮಾಡಲು ಆಗದ ಹಳೇ ಚಿತ್ರ ಕೈಗೆ ಬಂದಾಗ ಬಿಟ್ಟರೆ ನಾನು ಇದನ್ನು ಮುಟ್ಟುವುದಿಲ್ಲ.

ಎರಡನೆಯದು ಅದೇ ಜಾಗ, ಅದೇ 24 ಎಂಎಂ, ಆದರೆ ಕ್ಯಾಮೆರಾ ಮಟ್ಟಸ. Rotation X ಸರಿಯಾಗಿ 90, Y ಸೊನ್ನೆ. ಹೀಗಾದರೆ ಮನೆಯ ತುದಿ ಚೌಕಟ್ಟಿನಾಚೆ ಹೋಗುತ್ತದೆ, ಹಾಗಾಗಿ ಕ್ಯಾಮೆರಾ ತಿರುಗಿಸದೆ Shift Yಯಿಂದ ಚೌಕಟ್ಟನ್ನೇ ಮೇಲಕ್ಕೆ ಸರಿಸಬೇಕು. ಲೆಕ್ಕ ಸುಲಭ. ಪ್ಯಾರಪೆಟ್ ಕಣ್ಣಿನ ಮಟ್ಟದಿಂದ 11.4 ಮೀಟರ್ ಮೇಲಿದೆ. ಸೆನ್ಸರ್ ಮೇಲೆ ಅದು 24 × 11.4 ÷ 10, ಅಂದರೆ 27.4 ಎಂಎಂ. ಬುಡ 3.8 ಎಂಎಂ ಕೆಳಗೆ. ಇವೆರಡರ ನಡುಮಧ್ಯ 11.8 ಎಂಎಂ ಮೇಲೆ ಬರುತ್ತದೆ. ಅದನ್ನು 36ರಿಂದ ಭಾಗಿಸಿದರೆ Shift Y ಸುಮಾರು 0.33. ಕ್ಯಾನನ್‌ನ 24 ಎಂಎಂ ಟಿಲ್ಟ್-ಶಿಫ್ಟ್ ಲೆನ್ಸ್ 12 ಎಂಎಂ ತನಕ ಸರಿಯುತ್ತದೆ. ಹಾಗಾಗಿ ನಿಜವಾದ ಫೋಟೋಗ್ರಾಫರ್ ಕೂಡ ಈ ಚಿತ್ರವನ್ನು ಅಂಚಿನಲ್ಲೇ ಹಿಡಿಯಬಹುದು.

ಗೋಡೆ ನೆಟ್ಟಗೆ, ರೇಲಿಂಗ್ ಚೂಪು. ಆದರೆ ಪ್ಯಾರಪೆಟ್ ಮೇಲಿನ ಗುಂಡು ದೀಪ ನೋಡಿ. ಅದು ಮೊಟ್ಟೆಯಾಗಿದೆ, ಅಗಲದ ಒಂದೂವರೆ ಪಟ್ಟು ಎತ್ತರ. ಸಪಾಟು ಗೋಡೆ ಕೆಡುವುದಿಲ್ಲ, ಆಳ ಇರುವ ವಸ್ತು ಮಾತ್ರ ಹೀಗೆ ಜಗ್ಗುತ್ತದೆ. ಮೊದಲನೇ ದಾರಿಯಲ್ಲಿ ಸರಿಯಾಗಿ ಎಳೆದರೂ ಇದೇ ಮೊಟ್ಟೆ ಸಿಗುತ್ತದೆ. ಯಾಕೆಂದರೆ ನಿಂತ ಜಾಗ ಎರಡಕ್ಕೂ ಒಂದೇ. 3ಡಿಎಸ್ ಮ್ಯಾಕ್ಸ್‌ನ ಆಟೋ ವರ್ಟಿಕಲ್ ಟಿಲ್ಟ್ ಕರೆಕ್ಷನ್ ಹಾಕಿದರೂ ಇದರಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಜಾಗ ಬದಲಿಸುವುದೇ ಮೂರನೇ ದಾರಿ. 35 ಎಂಎಂ ಹಾಕಿ ಗೋಡೆಯಿಂದ 16 ಮೀಟರ್ ಹಿಂದೆ. ಅಲ್ಲಿ ಎದುರು ಮನೆಯ ಹಾಲ್ ಇದೆ, ಆದರೆ ನಮ್ಮನ್ನು ತಡೆಯುವವರು ಯಾರು ಅಲ್ವಾ? ಎದುರು ಮನೆಯನ್ನು ಪೂರ್ತಿ ಮರೆಮಾಡಬೇಡಿ. ಹಾಗೆ ಮಾಡಿದರೆ ಅದರ ನೆರಳು ಹೋಗುತ್ತದೆ, ನಮ್ಮ ಕಿಟಕಿ ಗಾಜಿನಲ್ಲಿ ಬರೀ ಆಕಾಶ ಕಾಣುತ್ತದೆ. ಸೈಕಲ್ಸ್‌ನಲ್ಲಿ ಆ ಮನೆಯ Ray Visibility ಒಳಗೆ Camera ಒಂದನ್ನೇ ಆಫ್ ಮಾಡಿ. ನೆರಳು, ಪ್ರತಿಫಲನ ಹಾಗೇ ಉಳಿಯುತ್ತವೆ. Shift Y ಈಗ 0.30, ಹೆಚ್ಚೇನೂ ಇಳಿದಿಲ್ಲ. ದೀಪ ಮಾತ್ರ ಕಾಲು ಪಾಲಿಗಿಂತ ಕಮ್ಮಿ ಜಗ್ಗಿದೆ, ಕಣ್ಣಿಗೆ ಗುಂಡಗೇ ಇದೆ. ಬಾಲ್ಕನಿಯ ತಳವೂ ಕಮ್ಮಿ ಕಾಣುತ್ತದೆ.

ಮಾಲೀಕರಿಗೆ ತೋರಿಸುವ ಎಲಿವೇಶನ್‌ಗೆ ನನ್ನ ಓಟು 35ಕ್ಕೆ. ಒಂದೇ ಆಕ್ಷೇಪಣೆ: ಆ ನೋಟ ರಸ್ತೆಯಲ್ಲಿ ಯಾರಿಗೂ ಸಿಗುವುದಿಲ್ಲ. ಮನೆ ಕಟ್ಟಿದ ಮೇಲೆ ಫುಟ್‌ಪಾತ್‌ನಿಂದ ಹೇಗೆ ಕಾಣುತ್ತದೆ ಎಂದು ಕೇಳಿದರೆ 24 ಎಂಎಂ ಕೊಡುತ್ತೇನೆ, ಸ್ವಲ್ಪ ಸಡಿಲ ಬಿಟ್ಟು. Rotation X 93, Shift Y 0.27. ಪೂರ್ತಿ ನೆಟ್ಟಗೆ ಮಾಡಿದಾಗ ಮನೆ ಮೇಲೆ ಅಗಲವಾದಂತೆ ಕಾಣುತ್ತಿತ್ತು, ಈ ಮೂರು ಡಿಗ್ರಿಯಿಂದ ಅದು ಹೋಗುತ್ತದೆ.

90 ಇಟ್ಟುಕೊಂಡರೆ Rotation X, Y ಎರಡಕ್ಕೂ ಬೀಗ ಹಾಕಿ. Lock Camera to View ಆನ್ ಇದ್ದಾಗ ಸುಮ್ನೆ ಮೌಸ್ ತಾಗಿದರೂ 90 ಹೋಗಿ 89.2 ಆಗಿರುತ್ತದೆ, ಸಣ್ಣ ಪ್ರಿವ್ಯೂನಲ್ಲಿ ಗೊತ್ತಾಗುವುದಿಲ್ಲ. ರೆಂಡರ್ ತೆರೆದು, ಚಿತ್ರದ ಅಂಚಿಗೆ ಹತ್ತಿರದ ಗೋಡೆ ಮೂಲೆಯ ಮೇಲ್ತುದಿ, ಕೆಳತುದಿ ಎರಡರ ಮೇಲೂ ಕರ್ಸರ್ ಇಡಿ. ಎಡದಿಂದ ಎಣಿಸಿದ ಪಿಕ್ಸೆಲ್ ಎರಡೂ ಕಡೆ ಒಂದೇ ಬರಬೇಕು.