ರಾತ್ರಿ ಮೂರು ಗಂಟೆಗೆ ಸಂಪ್ ಕ್ಲೀನಿಂಗ್ ಹುಡುಕುವವರು ಯಾರು? ನನ್ನ 25,000 ರೂಪಾಯಿ ಹೋದ ಕಥೆ

ಮೈಸೂರಿನಲ್ಲಿ ಸಂಪು, ಓವರ್‌ಹೆಡ್ ಟ್ಯಾಂಕ್ ಕ್ಲೀನ್ ಮಾಡಿಸುವ ಸಣ್ಣ ವ್ಯಾಪಾರ ನನ್ನದು. ಗೂಗಲ್ ಜಾಹೀರಾತು ನೋಡಿಕೊಳ್ಳಲು ಒಂದು ಏಜೆನ್ಸಿಗೆ ತಿಂಗಳಿಗೆ 25,000 ಕೊಟ್ಟೆ. ತಿಂಗಳ ಕೊನೆಗೆ ಪಿಡಿಎಫ್ ಬಂತು: 3,140 ಕ್ಲಿಕ್. ಖುಷಿಯಲ್ಲಿ ಅದನ್ನು ಭಾವನಿಗೂ ಕಳಿಸಿಬಿಟ್ಟೆ. ಈಗ ನೆನೆಸಿಕೊಂಡರೆ ನಾಚಿಕೆಯಾಗುತ್ತದೆ. ಯಾಕೆಂದರೆ ನನ್ನ ಹೆಂಡತಿ ಫೋನ್ ಬಂದದ್ದನ್ನೆಲ್ಲ ನೋಟ್‌ಬುಕ್‌ನಲ್ಲಿ ಬರೆಯುತ್ತಾಳೆ. ಆ ತಿಂಗಳು ಹೊಸಬರ ಫೋನ್ ಬಂದದ್ದು ಒಂಬತ್ತೇ ಒಂಬತ್ತು.

"ಸೀಸನ್ ಡಲ್ ಇದೆ ಸಾರ್" ಅಂದರು ಏಜೆನ್ಸಿಯವರು. ನಂಬಿದೆ.

ಆಮೇಲೆ ನಾನೇ ಸೈಟಿಗೆ ಬಂದವರ ಲೆಕ್ಕ ತೋರಿಸುವ ಗೂಗಲ್ ಅನಲಿಟಿಕ್ಸ್ ತೆರೆದು, google / cpc ಅಂತ, ಅಂದರೆ ಗೂಗಲ್ ಜಾಹೀರಾತಿನಿಂದ ಬಂದದ್ದು ಅಂತ ಗುರುತಿರುವ ಟ್ರಾಫಿಕ್ ಮಾತ್ರ ಇಟ್ಟುಕೊಂಡು ಗಂಟೆ ಪ್ರಕಾರ ನೋಡಿದೆ. ಹಗಲು ಹೊತ್ತು ತಣ್ಣಗಿದೆ. ರಾತ್ರಿ 2ರಿಂದ 5ರವರೆಗೆ ಜಾತ್ರೆ! ಆ ಹೊತ್ತಿನಲ್ಲಿ ಕುವೆಂಪುನಗರದಲ್ಲಿ ಯಾರು ಎದ್ದು ಸಂಪ್ ತೊಳೆಸಲು ಹುಡುಕುತ್ತಾರೆ? ಕೇಳಿದ್ದಕ್ಕೆ ಉತ್ತರ: "ಅದು ಟೈಮ್ ಜೋನ್ ಪ್ರಾಬ್ಲಮ್ ಸಾರ್, ಅಮೆರಿಕ ಟೈಮ್ ತೋರಿಸುತ್ತೆ." ಮಾತು ಸುಳ್ಳಲ್ಲ, ಸೆಟ್ಟಿಂಗ್ ಅಮೆರಿಕದ್ದಾಗಿದ್ದರೆ ನಮ್ಮ ಮಧ್ಯಾಹ್ನ ಅಲ್ಲಿ ನಡುರಾತ್ರಿಯಾಗಿ ಕಾಣುತ್ತದೆ. ಅಡ್ಮಿನ್‌ಗೆ ಹೋಗಿ ನೋಡಿದೆ. ಭಾರತದ ಸಮಯವೇ ಇತ್ತು. ಸ್ಕ್ರೀನ್‌ಶಾಟ್ ಕಳಿಸಿದೆ. ಎರಡು ದಿನ ಉತ್ತರ ಇಲ್ಲ.

ಬೌನ್ಸ್ ರೇಟ್, ಅಂದರೆ ಬಂದ ಹಾಗೇ ಹೊರಟುಹೋದವರ ಲೆಕ್ಕ, 98 ಪರ್ಸೆಂಟ್. "ನಿಮ್ಮ ವೆಬ್‌ಸೈಟೇ ಸರಿ ಇಲ್ಲ" ಅಂತ ನನ್ನ ಮೇಲೇ ಹಾಕಿದರು. ಈಗಿನ ಅನಲಿಟಿಕ್ಸ್‌ನಲ್ಲಿ ಪೇಜನ್ನು 10 ಸೆಕೆಂಡಿಗಿಂತ ಜಾಸ್ತಿ ನೋಡಿದರೂ ಅದು ಬೌನ್ಸ್ ಅಲ್ಲ. ಫೋನ್ ನಂಬರ್ ಹುಡುಕಿ ರೇಟ್ ಓದುವಷ್ಟರಲ್ಲಿ ಅಷ್ಟು ಹೊತ್ತು ಆಗಿಯೇ ಆಗುತ್ತದೆ. ನನಗೆ ಬಂದವರು ನಿಂತದ್ದು ಸರಾಸರಿ ಒಂದು ಸೆಕೆಂಡ್. ಬೌನ್ಸ್ ಜಾಸ್ತಿ ಇದ್ದ ಮಾತ್ರಕ್ಕೆ ಮೋಸ ಅಂತಲ್ಲ, ನಿಧಾನಕ್ಕೆ ತೆರೆಯುವ ಪೇಜಿಗೂ ಹಾಗಾಗುತ್ತದೆ. ಆದರೆ ಅದೇ ಪೇಜಿಗೆ ಮಾಮೂಲಿ ಸರ್ಚ್‌ನಿಂದ ಬಂದವರ ಬೌನ್ಸ್ 46 ಇತ್ತು. ಪೇಜ್ ಕೆಟ್ಟಿದ್ದರೆ ಇಬ್ಬರಿಗೂ ಕೆಡಬೇಕಲ್ವಾ?

ಇನ್ನು ಬಂದವರದ್ದು ಅಂತ ಅನಲಿಟಿಕ್ಸ್ ತೋರಿಸುವ ಊರು. ಬೆಂಗಳೂರು, ಚೆನ್ನೈ ಕಂಡರೆ ಗಾಬರಿ ಬೇಡ. ಮೈಸೂರಿನಲ್ಲೇ ಕೂತು ಮೊಬೈಲ್ ಡೇಟಾದಲ್ಲಿ ನೋಡಿದವರೂ ಹಲವು ಸಲ ಹಾಗೆ ಕಾಣುತ್ತಾರೆ. ನನ್ನ ಪಟ್ಟಿಯಲ್ಲಿ ಮೊದಲಿದ್ದದ್ದು ಆಶ್‌ಬರ್ನ್. ಅಮೆರಿಕದ ವರ್ಜೀನಿಯಾದಲ್ಲಿದೆ, ಸಾಲು ಸಾಲು ಡೇಟಾ ಸೆಂಟರ್‌ಗಳ ಊರು. ಇದಕ್ಕೆ ಅವರು ಏನಂದರು ಗೊತ್ತಾ? "ಅಲ್ಲಿರೋ ಮೈಸೂರಿನವರು ಅಪ್ಪ ಅಮ್ಮನ ಮನೆಗೆ ಬುಕ್ ಮಾಡ್ತಾರೆ ಸಾರ್." ಮೈ ಉರಿದುಹೋಯಿತು. ಸಾವಿರಾರು ಮಕ್ಕಳು ಒಂದೇ ಊರಿನಿಂದ, ಒಂದೊಂದು ಸೆಕೆಂಡ್ ನೋಡಿ ಬುಕ್ ಮಾಡುತ್ತಾರಾ?

ಕೊನೆಗೆ ಸಿಕ್ಕಿದ್ದು ಅಸಲಿ ವಿಷಯ. ಗೂಗಲ್ ಜಾಹೀರಾತನ್ನು ನಿಜವಾಗಿ ಒತ್ತಿದರೆ, ಆಟೋ ಟ್ಯಾಗಿಂಗ್ ಆನ್ ಇದ್ದಾಗ, ಲಿಂಕ್ ಕೊನೆಗೆ gclid ಅಂತ ಒಂದು ಗುರುತು ಸೇರುತ್ತದೆ. ಐಫೋನ್‌ನಲ್ಲಿ ಕೆಲವೊಮ್ಮೆ ಅದರ ಬದಲು gbraid ಅಥವಾ wbraid. ಆದರೆ ಅನಲಿಟಿಕ್ಸ್‌ನಲ್ಲಿ cpc ಅಂತ ಕಾಣುವಂತೆ ಮಾಡುವ utm_medium=cpc ಅನ್ನುವುದನ್ನು ಲಿಂಕಿಗೆ ಯಾರು ಬೇಕಾದರೂ ಕೈಯಲ್ಲಿ ಬರೆದು ಅಂಟಿಸಬಹುದು! ಪುಣ್ಯಕ್ಕೆ ಹೋಸ್ಟಿಂಗ್‌ನಲ್ಲಿ ಆ ತಿಂಗಳ ಲಾಗ್, ಅಂದರೆ ಸೈಟಿಗೆ ಬಂದ ಪ್ರತಿ ಭೇಟಿಯ ದಾಖಲೆ, ಉಳಿದಿತ್ತು. ಪರಿಚಯದ ಹುಡುಗ ಇದನ್ನು ಓಡಿಸಿದ:

```
grep "GET /?.*utm_medium=cpc" access.log | grep -vcE "gclid=|gbraid=|wbraid="
```

ಗುರುತು ಇಲ್ಲದೆ ಬಂದವು 2,838. ಆಟೋ ಟ್ಯಾಗಿಂಗ್ ಆಫ್ ಇತ್ತೇನೋ ಅಂದುಕೊಂಡು ಗೂಗಲ್ ಜಾಹೀರಾತಿನ ಅಕೌಂಟ್ ನೋಡಲು ಕೇಳಿದೆ. ಜಗಳ ಆಡಿದ ಮೇಲೆ ಬರೀ ನೋಡುವ ಅನುಮತಿ ಸಿಕ್ಕಿತು. ಆನ್ ಆಗಿಯೇ ಇತ್ತು. ಕ್ಲಿಕ್ 286. ಖರ್ಚು 6,900. ಅಂದರೆ ಮಿಕ್ಕಿದ್ದೆಲ್ಲ ಗೂಗಲ್‌ನಿಂದ ಬಂದದ್ದೇ ಅಲ್ಲ. ಎಲ್ಲಿಂದಲೋ ಅಗ್ಗದ ಬಾಟ್ ಟ್ರಾಫಿಕ್, ಅಂದರೆ ಮನುಷ್ಯರಲ್ಲದೆ ಪ್ರೋಗ್ರಾಂಗಳು ಮಾಡುವ ಭೇಟಿ, ತಂದು ಗೂಗಲ್ ಹೆಸರು ಅಂಟಿಸಿದ್ದಾರೆ. 286 ಕ್ಲಿಕ್‌ಗೆ ಒಂಬತ್ತು ಫೋನ್ ಅಂದರೆ ಲೆಕ್ಕ ಸರಿಯಾಗಿ ಕೂರುತ್ತದೆ ನೋಡಿ.

ಆಗಲೂ ಅವರ ಮಾತು: "ಇನ್‌ವ್ಯಾಲಿಡ್ ಕ್ಲಿಕ್ ಇದ್ದರೆ ಗೂಗಲ್ಲೇ ದುಡ್ಡು ವಾಪಸ್ ಕೊಡುತ್ತೆ ಸಾರ್." ಗೂಗಲ್ ತನ್ನ ಜಾಹೀರಾತಿಗೆ ಬಿದ್ದ ಕ್ಲಿಕ್‌ಗಳಲ್ಲಿ ಕಳ್ಳ ಕ್ಲಿಕ್ ಹಿಡಿದರೆ ಅದಕ್ಕೆ ನಮ್ಮಿಂದ ದುಡ್ಡು ತೆಗೆದುಕೊಳ್ಳುವುದಿಲ್ಲ, ಅಕೌಂಟ್‌ನಲ್ಲಿ ಅದಕ್ಕೊಂದು ಕಾಲಮ್ಮೂ ಇದೆ. ಆದರೆ ಗೂಗಲ್‌ಗೆ ಗೊತ್ತೇ ಇಲ್ಲದ ಕ್ಲಿಕ್‌ಗೆ ಗೂಗಲ್ ಯಾಕೆ ಕೊಡುತ್ತದೆ? ದುಡ್ಡು ತಿಂದದ್ದು ಇವರು!

ದಯವಿಟ್ಟು ಅಕೌಂಟ್ ನಿಮ್ಮ ಜಿಮೇಲ್‌ನಲ್ಲೇ, ನಿಮ್ಮ ಕಾರ್ಡ್‌ನಲ್ಲೇ ಇರಲಿ. ಪಿಡಿಎಫ್ ನಂಬಬೇಡಿ. ಲಾಗ್ ಅಳಿಸಿಹೋಗುವ ಮುಂಚೆ ಇಳಿಸಿಕೊಳ್ಳಿ. ನನ್ನ ನಂಬರನ್ನು ಅವರು ಮೊನ್ನೆ ಬ್ಲಾಕ್ ಮಾಡಿದ್ದಾರೆ.